ಉಳಿದುಹೋದ ದೀಪುವಿಗೆ ಗೈಡ್ ಹುಡುಕುವುದು ಹೇಗೆ?

(ಎಂಜಿನಿಯರಿಂಗ್ ಅಧ್ಯಾಪಕರು ಮತ್ತು ಕೊನೇ ವರ್ಷದ ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸ ಇದು. ಅಲ್ಲಿ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರಾಜೆಕ್ಟ್ ಕೋಆರ್ಡಿನೇಟರ್ ಅನ್ನುವ ಕೆಲಸ ಯಾರ ತಲೆಗೆ ಬೀಳುತ್ತದೆ ಅಂತ ಇಲ್ಲಿರುವ ಅಧ್ಯಾಪಕರಿಗೆ ಗೊತ್ತು. ಡಿಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವರ ತಲೆಗೆ. ನನಗೂ ಹಾಗೇ ಬಿತ್ತು. ಆ ವರ್ಷ 62 ವಿದ್ಯಾರ್ಥಿಗಳು, 21 ಗೈಡ್‌ಗಳು. ಒಬ್ಬ ಗೈಡಿಗೆ ಹೆಚ್ಚೆಂದರೆ 3 ವಿದ್ಯಾರ್ಥಿಗಳು ಅಂತ ನಿಯಮ. ಒಟ್ಟು 63 ಸೀಟು. ಒಂದು ಸೀಟು ಮಿಕ್ಕೇ ಮಿಕ್ಕುತ್ತದೆ, ತಲೆನೋವಿಲ್ಲ ಅಂದುಕೊಂಡೆ.

ಪ್ರತಿ ವಿದ್ಯಾರ್ಥಿಯೂ ತನಗೆ ಒಪ್ಪಿಗೆಯಿರುವ ಮೂವರು ಗೈಡ್‌ಗಳ ಹೆಸರನ್ನು ಫಾರಂನಲ್ಲಿ ಬರೆದು ಕೊಡಬೇಕಿತ್ತು. ಫಾರಂ ಬಂದ ಕ್ರಮದಲ್ಲೇ ಎಕ್ಸೆಲ್ ಶೀಟಿನಲ್ಲಿ ತುಂಬುತ್ತಾ ಹೋದೆ. ಮೊದಲು ಬರೆದ ಗೈಡ್ ಖಾಲಿ ಇದ್ದರೆ ಅವರಿಗೇ, ಇಲ್ಲದಿದ್ದರೆ ಎರಡನೆಯವರಿಗೆ, ಅವರೂ ಭರ್ತಿಯಾಗಿದ್ದರೆ ಮೂರನೆಯವರಿಗೆ. ಮಧ್ಯಾಹ್ನದ ಹೊತ್ತಿಗೆ 58 ಜನಕ್ಕೆ ಗೈಡ್ ಸಿಕ್ಕಿತ್ತು. ನಾಲ್ಕು ಜನ ಉಳಿದರು. ಅವರು ಬರೆದಿದ್ದ ಗೈಡ್‌ಗಳೆಲ್ಲ ಭರ್ತಿ. ಇನ್ನೊಂದು ಕಡೆ ಐದು ಸೀಟು ಖಾಲಿ ಬಿದ್ದಿವೆ!

ನಮ್ಮ ಎಚ್‌ಒಡಿ, "ಖಾಲಿ ಇರೋ ಕಡೆ ಹಾಕಿಬಿಡ್ರೀ, ಅದಕ್ಕೇನಂತೆ" ಅಂದರು. ಆದರೆ ಹುಡುಗರು ಸುಮ್ನಿರುತ್ತಾರಾ? ಒಬ್ಬ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕೇಳಿದ: "ಸರ್, ಬೇರೆ ಥರ ಹಂಚಿದ್ದರೆ ನನಗೂ ಸಿಗುತ್ತಿತ್ತಾ?"

ಇವತ್ತು ನಾನು ಹೇಳಬೇಕೆಂದಿರುವುದು ಈ ಪ್ರಶ್ನೆಯ ಬಗ್ಗೆಯೇ. ಸಿಗುತ್ತಿತ್ತು ಅಂತಾದರೆ ಹೇಗೆ ಹಂಚಬೇಕಿತ್ತು ಅಂತ ತೋರಿಸಬೇಕು. ಸಿಗುತ್ತಿರಲಿಲ್ಲ ಅಂತಾದರೆ ಅದಕ್ಕೂ ಪುರಾವೆ ಕೊಡಬೇಕು. "ನಾನು ತುಂಬಾ ಪ್ರಯತ್ನ ಮಾಡಿದೆನಪ್ಪಾ" ಅನ್ನುವುದು ಪುರಾವೆಯಲ್ಲ.

62 ಜನರನ್ನು ಬೋರ್ಡ್ ಮೇಲೆ ಹಾಕಲು ಆಗುವುದಿಲ್ಲ. ಹಾಗಾಗಿ ಐದು ಜನರನ್ನು ತೆಗೆದುಕೊಳ್ಳೋಣ. ಹೆಸರು ನಾನೇ ಇಟ್ಟದ್ದು: ಅನು, ಬಸು, ಚೈತ್ರ, ದೀಪು, ಈರಣ್ಣ. ಗೈಡ್‌ಗಳೂ ಐದು ಜನ. ಅವರನ್ನು ಹುಡುಗರು ಕರೆಯುವ ಹಾಗೇ ಕರೆಯೋಣ. ಎಂಎಲ್ ಮೇಡಂ, ನೆಟ್‌ವರ್ಕ್ ಸರ್, ಡೇಟಾಬೇಸ್ ಮೇಡಂ, ಕಂಪೈಲರ್ ಸರ್, ಇಮೇಜ್ ಸರ್. ಸದ್ಯಕ್ಕೆ ಒಬ್ಬೊಬ್ಬ ಗೈಡಿಗೆ ಒಂದೇ ಸೀಟು ಅಂದುಕೊಳ್ಳಿ. ಫಾರಂಗಳು ಹೀಗಿವೆ:

```
ಅನು     : ಎಂಎಲ್, ನೆಟ್‌ವರ್ಕ್
ಬಸು     : ನೆಟ್‌ವರ್ಕ್, ಕಂಪೈಲರ್
ಚೈತ್ರ    : ಡೇಟಾಬೇಸ್, ಎಂಎಲ್
ಈರಣ್ಣ    : ಇಮೇಜ್, ಎಂಎಲ್
ದೀಪು    : ಡೇಟಾಬೇಸ್, ಎಂಎಲ್
```

ಎಡಗಡೆ ವಿದ್ಯಾರ್ಥಿಗಳು, ಬಲಗಡೆ ಗೈಡ್‌ಗಳು, ಒಪ್ಪಿಗೆ ಇರುವ ಕಡೆಗಳಿಗೆಲ್ಲ ಒಂದೊಂದು ಗೆರೆ. ಗೆರೆಗಳೆಲ್ಲ ಎಡದಿಂದ ಬಲಕ್ಕೇ ಹೋಗುತ್ತವೆ. ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಗೆರೆಯಿಲ್ಲ, ಗೈಡಿನಿಂದ ಗೈಡಿಗೂ ಇಲ್ಲ. ಇಂಥದ್ದಕ್ಕೆ ಬೈಪಾರ್ಟೈಟ್ ಗ್ರಾಫ್ ಅನ್ನುತ್ತಾರೆ. ಒಬ್ಬರಿಗೆ ಒಂದಕ್ಕಿಂತ ಜಾಸ್ತಿ ಗೆರೆ ಬರದ ಹಾಗೆ ಕೆಲವು ಗೆರೆಗಳನ್ನು ಆರಿಸಿಕೊಂಡರೆ ಅದು ಮ್ಯಾಚಿಂಗ್. ಎಷ್ಟು ಸಾಧ್ಯವೋ ಅಷ್ಟು ಗೆರೆ ಆರಿಸಿದ್ದರೆ ಮ್ಯಾಕ್ಸಿಮಂ ಮ್ಯಾಚಿಂಗ್.

ನನ್ನ ಎಕ್ಸೆಲ್ ರೀತಿಯಲ್ಲಿ ಹಂಚೋಣ. ಅನುವಿಗೆ ಎಂಎಲ್, ಬಸುವಿಗೆ ನೆಟ್‌ವರ್ಕ್, ಚೈತ್ರಳಿಗೆ ಡೇಟಾಬೇಸ್, ಈರಣ್ಣನಿಗೆ ಇಮೇಜ್. ಎಲ್ಲರಿಗೂ ಮೊದಲು ಬರೆದವರೇ ಸಿಕ್ಕಿದರು, ಖುಷಿ. ಈಗ ದೀಪು ಬಂದ. ಅವನು ಬರೆದದ್ದು ಡೇಟಾಬೇಸ್ ಮತ್ತು ಎಂಎಲ್. ಎರಡೂ ಭರ್ತಿ. ಖಾಲಿ ಇರುವವರು ಕಂಪೈಲರ್ ಸರ್ ಒಬ್ಬರೇ. ದೀಪು ಅವರ ಹೆಸರು ಬರೆದೇ ಇಲ್ಲ.

ನೀವು ಬಸ್ಸಿನಲ್ಲಿ ನೋಡಿರುತ್ತೀರಿ. ಅಜ್ಜಿಯೊಬ್ಬರು ಹತ್ತುತ್ತಾರೆ, ಅವರಿಗೆ ಮುಂದಿನ ಸೀಟೇ ಬೇಕು, ಹಿಂದೆ ಕೂತರೆ ವಾಂತಿ. ಕಂಡಕ್ಟರ್ ಮುಂದೆ ಕೂತವನಿಗೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ, ನೀವು ಆ ಕಡೆ ಹೋಗಿ" ಅನ್ನುತ್ತಾರೆ. ಆ ಕಡೆ ಕೂತವರು ಇನ್ನೊಂದು ಕಡೆ ಸರಿಯುತ್ತಾರೆ. ಕೊನೆಗೆ ಯಾರೋ ಒಬ್ಬರು ಹಿಂದಿನ ಖಾಲಿ ಸೀಟಿಗೆ ಹೋಗುತ್ತಾರೆ. ಯಾರೂ ಇಳಿಯಲಿಲ್ಲ, ಅಜ್ಜಿಗೆ ಸೀಟು ಸಿಕ್ಕಿತು.

ದೀಪುವಿಗೂ ಇದನ್ನೇ ಮಾಡೋಣ. ದೀಪುವನ್ನು ಎಂಎಲ್ ಮೇಡಂ ಹತ್ತಿರ ಕಳಿಸಿ. ಅಲ್ಲಿ ಅನು ಇದ್ದಾಳೆ. ಅನು ನೆಟ್‌ವರ್ಕ್ ಅಂತಲೂ ಬರೆದಿದ್ದಾಳಲ್ಲ, ಅವಳು ಅಲ್ಲಿಗೆ ಹೋಗಲಿ. ಅಲ್ಲಿ ಬಸು ಇದ್ದಾನೆ. ಬಸು ಕಂಪೈಲರ್ ಸರ್ ಹೆಸರು ಬರೆದಿದ್ದಾನೆ. ಅವರು ಖಾಲಿ. ಮುಗಿಯಿತು. ದಾರಿಯನ್ನು ಒಂದೇ ಸಾಲಿನಲ್ಲಿ ಬರೆದರೆ ಹೀಗೆ:

```
ದೀಪು – ಎಂಎಲ್ = ಅನು – ನೆಟ್‌ವರ್ಕ್ = ಬಸು – ಕಂಪೈಲರ್
```

ಒಂಟಿ ಗೆರೆ ಅಂದರೆ ಈಗ ಬಳಸದ ಸಂಬಂಧ, ಜೋಡಿ ಗೆರೆ ಅಂದರೆ ಈಗಾಗಲೇ ಬಳಸುತ್ತಿರುವುದು. ಒಂಟಿ, ಜೋಡಿ, ಒಂಟಿ, ಜೋಡಿ, ಒಂಟಿ. ಶುರುವಾಗುವುದೂ ಒಂಟಿಯಿಂದ, ಮುಗಿಯುವುದೂ ಒಂಟಿಯಿಂದ. ಹಾಗಾಗಿ ಜೋಡಿಗಿಂತ ಒಂಟಿ ಯಾವಾಗಲೂ ಒಂದು ಜಾಸ್ತಿ. ಇಲ್ಲಿ ಮೂರು ಒಂಟಿ, ಎರಡು ಜೋಡಿ. ಈಗ ಅದಲುಬದಲು ಮಾಡಿ: ಒಂಟಿಯೆಲ್ಲ ಜೋಡಿ, ಜೋಡಿಯೆಲ್ಲ ಒಂಟಿ. ಎರಡು ಹಂಚಿಕೆ ಹೋದವು, ಮೂರು ಬಂದವು. ನಾಲ್ಕು ಇದ್ದದ್ದು ಐದಾಯಿತು. ಇಂಥ ದಾರಿಗೆ ಆಗ್ಮೆಂಟಿಂಗ್ ಪಾತ್ ಅನ್ನುತ್ತಾರೆ. ಹಂಚಿಕೆಯನ್ನು ಒಂದು ಹೆಚ್ಚಿಸುವ ದಾರಿ ಅಂತ ಅರ್ಥ.

ಇಲ್ಲಿ ಎರಡು ವಿಷಯ ಗಮನಿಸಿ. ಜಾಗ ಬದಲಾದ ಅನು, ಬಸು ಇಬ್ಬರೂ ತಾವೇ ಬರೆದ ಗೈಡ್ ಹತ್ತಿರವೇ ಹೋದರು. ಯಾರನ್ನೂ ಬಲವಂತವಾಗಿ ತಳ್ಳಲಿಲ್ಲ. ಇನ್ನೊಂದು, ಒಮ್ಮೆ ಗೈಡ್ ಸಿಕ್ಕವರು ಮತ್ತೆ ಹೊರಗೆ ಬೀಳುವುದಿಲ್ಲ. ಗೈಡ್ ಬದಲಾಗಬಹುದು, ಅಷ್ಟೇ. ಈ ವಿಧಾನವನ್ನು ಹೇಳಿದಾಗ ಹುಡುಗರಿಗೆ ಮೊದಲು ಬರುವ ಭಯವೇ ಇದು, "ಇನ್ಯಾರಿಗೋ ಕೊಡಲು ನನ್ನದನ್ನು ಕಿತ್ತುಕೊಳ್ತಾರಾ" ಅಂತ. ಇಲ್ಲ.

ದಾರಿ ಹುಡುಕುವ ಕ್ರಮದ ಬಗ್ಗೆಯೂ ಒಂದು ಮಾತು. ದೀಪು ಮೊದಲು ಬರೆದದ್ದು ಡೇಟಾಬೇಸ್. ಅಲ್ಲಿಂದಲೇ ಹೊರಟು, ಸಿಕ್ಕ ದಾರಿಯಲ್ಲಿ ಆಳಕ್ಕೆ ಇಳಿಯುತ್ತಾ ಹೋದರೆ, ಚೈತ್ರ ಎಂಎಲ್‌ಗೆ, ಅನು ನೆಟ್‌ವರ್ಕ್‌ಗೆ, ಬಸು ಕಂಪೈಲರ್‌ಗೆ ಹೋಗಬೇಕಾಗುತ್ತದೆ. ಮೂವರಿಗೆ ತೊಂದರೆ. ಅದೇ ಸುತ್ತು ಸುತ್ತಾಗಿ, ಅಂದರೆ ಬ್ರೆಡ್ತ್ ಫಸ್ಟ್ ರೀತಿಯಲ್ಲಿ ಹುಡುಕಿದರೆ ಅತಿ ಚಿಕ್ಕ ದಾರಿ ಸಿಗುತ್ತದೆ, ಇಬ್ಬರು ಮಾತ್ರ ಸರಿದರೆ ಸಾಕು. ಲಿಸ್ಟನ್ನು ಒಮ್ಮೆ ನೋಟಿಸ್ ಬೋರ್ಡಿಗೆ ಹಾಕಿ ಆಮೇಲೆ ಬದಲಾಯಿಸಬೇಕಾಗಿ ಬಂದರೆ ಈ ವ್ಯತ್ಯಾಸ ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಸರಿ, ದಾರಿ ಸಿಕ್ಕರೆ ಒಂದು ಹೆಚ್ಚುತ್ತದೆ. ದಾರಿ ಸಿಗದಿದ್ದರೆ? ಇನ್ನೇನೋ ಬುದ್ಧಿವಂತಿಕೆ ಮಾಡಿ, ಎಲ್ಲವನ್ನೂ ಅಳಿಸಿ ಮೊದಲಿಂದ ಹಂಚಿದರೆ ಜಾಸ್ತಿ ಆಗಬಹುದಲ್ವಾ? ಆಗುವುದಿಲ್ಲ. ಇದನ್ನು 1957ರಲ್ಲಿ ಫ್ರಾನ್ಸಿನ ಗಣಿತಜ್ಞ ಕ್ಲೋದ್ ಬೆರ್ಜ್ ತೋರಿಸಿದರು. ಹೆಚ್ಚಿಸುವ ದಾರಿ ಒಂದೂ ಇಲ್ಲದಿದ್ದರೆ ನಿಮ್ಮ ಕೈಲಿರುವುದೇ ಮ್ಯಾಕ್ಸಿಮಂ. ಅದಕ್ಕೆ ಕಾರಣ ಎಷ್ಟು ಸರಳ ಅಂದರೆ ಇಲ್ಲೇ ಹೇಳಿಬಿಡಬಹುದು.

ನಿಮ್ಮ ಹಂಚಿಕೆಯನ್ನು ಹಳದಿ ದಾರದಲ್ಲಿ ಕಟ್ಟಿ. ಅದಕ್ಕಿಂತ ಒಳ್ಳೆಯ ಹಂಚಿಕೆ ಯಾರದ್ದೋ ಹತ್ತಿರ ಇದೆ ಅನ್ನಿ. ಅದನ್ನು ಅದೇ ಬೋರ್ಡಿನ ಮೇಲೆ ಹಸಿರು ದಾರದಲ್ಲಿ ಕಟ್ಟಿ. ಎರಡೂ ಬಣ್ಣ ಒಂದೇ ಜೋಡಿಯ ಮೇಲೆ ಬಂದಿದ್ದರೆ ಅವೆರಡನ್ನೂ ಬಿಚ್ಚಿಹಾಕಿ. ಈಗ ಪ್ರತಿಯೊಬ್ಬರಿಗೂ ಹೆಚ್ಚೆಂದರೆ ಒಂದು ಹಳದಿ, ಒಂದು ಹಸಿರು. ಹಾಗಾಗಿ ಬೋರ್ಡ್ ಮೇಲೆ ಉಳಿಯುವುದು ಸರಪಳಿಗಳು ಮತ್ತು ಬಳೆಗಳು ಮಾತ್ರ, ಬಣ್ಣ ಒಂದಾದ ಮೇಲೆ ಒಂದು ಬರುತ್ತದೆ. ಬಳೆಯಲ್ಲಿ ಎರಡೂ ಬಣ್ಣ ಸಮ. ಒಟ್ಟಾರೆ ಹಸಿರು ಜಾಸ್ತಿ ಇರಬೇಕಾದರೆ, ಯಾವುದಾದರೂ ಒಂದು ಸರಪಳಿ ಹಸಿರಿನಿಂದ ಶುರುವಾಗಿ ಹಸಿರಿನಲ್ಲೇ ಮುಗಿಯಬೇಕು. ಅದರ ಎರಡು ತುದಿಗಳಿಗೂ ಹಳದಿ ತಾಗಿಲ್ಲ, ಅಂದರೆ ನಿಮ್ಮ ಲಿಸ್ಟಿನಲ್ಲಿ ಆ ವಿದ್ಯಾರ್ಥಿಯೂ ಉಳಿದಿದ್ದಾನೆ, ಆ ಗೈಡೂ ಖಾಲಿ. ಅದೇ ಹೆಚ್ಚಿಸುವ ದಾರಿ! ಒಳ್ಳೆಯ ಹಂಚಿಕೆ ಎಲ್ಲೋ ಇದೆ ಅಂತಾದರೆ ದಾರಿ ನಿಮ್ಮ ಬೋರ್ಡಿನ ಮೇಲೇ ಇರುತ್ತದೆ.

ಒಬ್ಬ ಗೈಡಿಗೆ ಮೂರು ಸೀಟಿದ್ದರೂ ಈ ಮಾತು ಕೆಡುವುದಿಲ್ಲ. ಎಂಎಲ್ ಮೇಡಂ ಅವರನ್ನು ಮೂರು ಕುರ್ಚಿ ಅಂದುಕೊಳ್ಳಿ, ಒಂದೊಂದು ಕುರ್ಚಿಯೂ ಒಬ್ಬ ಬೇರೆ ಗೈಡ್ ಇದ್ದ ಹಾಗೆ. ಪ್ರೋಗ್ರಾಂ ಬರೆಯುವಾಗ ಹಾಗೆ ಒಡೆಯುವ ಅಗತ್ಯವೂ ಇಲ್ಲ. ನಾನು ಅವತ್ತು ಸಂಜೆ ಕೂತು ಬರೆದದ್ದು ಹೆಚ್ಚುಕಮ್ಮಿ ಇಷ್ಟೇ:

```python
def try_place(s, seen):
    for g in choices[s]:
        if g in seen:
            continue
        seen.add(g)
        if len(held[g]) < seats[g]:
            held[g].append(s)
            return True
        for i, other in enumerate(held[g]):
            if try_place(other, seen):
                held[g][i] = s
                return True
    return False

left = [s for s in choices if not try_place(s, set())]
```

`held[g]` ಅಂದರೆ ಆ ಗೈಡ್ ಹತ್ತಿರ ಈಗ ಇರುವವರು. ಜಾಗ ಇದ್ದರೆ ಸೇರಿಸು. ಇಲ್ಲದಿದ್ದರೆ ಅಲ್ಲಿರುವ ಒಬ್ಬೊಬ್ಬರನ್ನೂ "ನೀನು ಬೇರೆ ಕಡೆ ಹೋಗಬಲ್ಲೆಯಾ" ಅಂತ ಕೇಳು. ಅವರು ಇನ್ನೊಬ್ಬರನ್ನು ಕೇಳುತ್ತಾರೆ. ಇದು ಆಳಕ್ಕೆ ಇಳಿಯುವ ರೀತಿ, ಚಿಕ್ಕ ದಾರಿಯೇ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಆದರೆ ಎಷ್ಟು ಜನಕ್ಕೆ ಸಿಗುತ್ತದೆ ಅನ್ನುವ ಲೆಕ್ಕದಲ್ಲಿ ವ್ಯತ್ಯಾಸ ಬರುವುದಿಲ್ಲ.

ಹುಡುಗರು ಲ್ಯಾಬಿನಲ್ಲಿ ಇದನ್ನು ಬರೆಯುವಾಗ ಪದೇ ಪದೇ ತಪ್ಪುವುದು `seen` ವಿಷಯದಲ್ಲಿ. ಅದನ್ನು ಇಡದೇ ಇದ್ದರೆ ಅನು ಬಸುವನ್ನು ಕೇಳುತ್ತಾಳೆ, ಬಸು ಅನುವನ್ನು ಕೇಳುತ್ತಾನೆ, ಪ್ರೋಗ್ರಾಂ ಸುತ್ತಿ ಸುತ್ತಿ ಬಿದ್ದುಹೋಗುತ್ತದೆ. ಅದು ಕಣ್ಣಿಗೆ ಕಾಣುವ ತಪ್ಪು, ಪರವಾಗಿಲ್ಲ. ಕಾಣದ ತಪ್ಪು ಇನ್ನೊಂದಿದೆ. ಎಲ್ಲ ವಿದ್ಯಾರ್ಥಿಗಳಿಗೂ ಸೇರಿ ಒಂದೇ `seen` ಇಟ್ಟುಬಿಡುವುದು. ಆಗ ಎರರ್ ಬರುವುದಿಲ್ಲ, ಲಿಸ್ಟ್ ನೀಟಾಗಿ ಪ್ರಿಂಟ್ ಆಗುತ್ತದೆ, ಆದರೆ ಸಿಗಬೇಕಾದವರಿಗೆ ಸಿಕ್ಕಿರುವುದಿಲ್ಲ. ಪ್ರತಿ ವಿದ್ಯಾರ್ಥಿಗೂ ಹೊಸ `set()` ಬೇಕು. ಇಂಥ ತಪ್ಪನ್ನು ಹಿಡಿಯುವುದು ಹೇಗೆ ಅಂತ ಈಗ ಬರುತ್ತದೆ.

ವೇಗದ ಬಗ್ಗೆ ಒಂದೇ ಮಾತು. ಒಂದು ಹುಡುಕಾಟದಲ್ಲಿ ಒಂದು ಗೆರೆಯನ್ನು ಒಮ್ಮೆಗಿಂತ ಜಾಸ್ತಿ ನೋಡುವುದಿಲ್ಲ. 62 ಜನ, ತಲೆಗೆ ಮೂರು ಹೆಸರು, ಒಟ್ಟು 186 ಗೆರೆ. 62 ಹುಡುಕಾಟ. ಗುಣಿಸಿದರೆ 11,532. ಯಾವ ಹಳೇ ಲ್ಯಾಪ್‌ಟಾಪಿಗೂ ಇದು ಲೆಕ್ಕಕ್ಕಿಲ್ಲ. 1973ರಲ್ಲಿ ಹಾಪ್‌ಕ್ರಾಫ್ಟ್ ಮತ್ತು ಕಾರ್ಪ್ ಒಂದೇ ಸುತ್ತಿನಲ್ಲಿ ಹಲವು ಚಿಕ್ಕ ದಾರಿಗಳನ್ನು ಹಿಡಿಯುವ ಇನ್ನೂ ಚುರುಕಾದ ವಿಧಾನ ಕೊಟ್ಟರು. ಲಕ್ಷಗಟ್ಟಲೆ ಜನ ಇದ್ದರೆ ಅದು ಬೇಕು. ಒಂದು ಡಿಪಾರ್ಟ್‌ಮೆಂಟಿಗೆ ಅದನ್ನು ಬರೆಯಲು ಕೂತರೆ ತಪ್ಪುಗಳಷ್ಟೇ ಜಾಸ್ತಿಯಾಗುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಈಗ ನನಗೆ ಬಹಳ ಇಷ್ಟವಾದ ಭಾಗ. ಫಾರಂನಲ್ಲಿ ಒಂದೇ ಒಂದು ಬದಲಾವಣೆ ಮಾಡೋಣ. ಬಸು ಕಂಪೈಲರ್ ಬೇಡ ಅಂದ. ಅದರ ಬದಲು ಎಂಎಲ್ ಅಂತ ಬರೆದ. ಈಗ ಹಂಚಿಕೆ ಮೊದಲಿನ ಹಾಗೇ ಆಗುತ್ತದೆ, ದೀಪು ಮತ್ತೆ ಉಳಿಯುತ್ತಾನೆ. ಹುಡುಕಿ.

ದೀಪುವಿನಿಂದ ಡೇಟಾಬೇಸ್, ಎಂಎಲ್. ಡೇಟಾಬೇಸ್‌ನಲ್ಲಿ ಚೈತ್ರ ಇದ್ದಾಳೆ, ಅವಳ ಇನ್ನೊಂದು ಆಯ್ಕೆ ಎಂಎಲ್, ಅದನ್ನು ಆಗಲೇ ನೋಡಿದ್ದೇವೆ. ಎಂಎಲ್‌ನಲ್ಲಿ ಅನು, ಅವಳಿಂದ ನೆಟ್‌ವರ್ಕ್. ಅಲ್ಲಿ ಬಸು, ಅವನ ಇನ್ನೊಂದು ಆಯ್ಕೆಯೂ ಎಂಎಲ್. ಮುಂದೆ ದಾರಿಯಿಲ್ಲ. ಹುಡುಕಾಟ ಸೋತಿತು.

ಸೋತ ಹುಡುಕಾಟ ಅಂತ ಅದನ್ನು ಎಸೆಯಬೇಡಿ. ಅದು ಎಲ್ಲೆಲ್ಲಿ ಕಾಲಿಟ್ಟಿತು ಅಂತ ಬರೆದಿಡಿ. ಕಾಲಿಟ್ಟ ವಿದ್ಯಾರ್ಥಿಗಳು ದೀಪು, ಚೈತ್ರ, ಅನು, ಬಸು. ನಾಲ್ಕು ಜನ. ಕಾಲಿಟ್ಟ ಗೈಡ್‌ಗಳು ಡೇಟಾಬೇಸ್, ಎಂಎಲ್, ನೆಟ್‌ವರ್ಕ್. ಮೂರು ಜನ. ಈಗ ಆ ನಾಲ್ಕು ಫಾರಂಗಳನ್ನು ತೆಗೆದು ನೋಡಿ. ಆ ಮೂವರನ್ನು ಬಿಟ್ಟು ಬೇರೆ ಹೆಸರೇ ಅವುಗಳಲ್ಲಿ ಇಲ್ಲ. ನಾಲ್ಕು ಜನ, ಮೂರು ಕುರ್ಚಿ. ಯಾರು ಹೇಗೆ ಹಂಚಿದರೂ ಒಬ್ಬರು ನಿಲ್ಲಲೇಬೇಕು. ಇದನ್ನು ಒಪ್ಪಿಸಲು ಗ್ರಾಫ್ ಥಿಯರಿ ಬೇಡ, ನಾಲ್ಕು ಫಾರಂ ಮೇಜಿನ ಮೇಲೆ ಇಟ್ಟರೆ ಸಾಕು.

ಇಂಥ ಗುಂಪು ಪ್ರತಿ ಸಲವೂ ಸಿಗುತ್ತದೆ, ಅದು ಆಕಸ್ಮಿಕ ಅಲ್ಲ. ಹುಡುಕಾಟ ಸೋತಿದೆ ಅಂದರೆ ಕಾಲಿಟ್ಟ ಯಾವ ಗೈಡೂ ಖಾಲಿಯಿಲ್ಲ, ಖಾಲಿ ಇದ್ದಿದ್ದರೆ ಅಲ್ಲೇ ದಾರಿ ಮುಗಿಯುತ್ತಿತ್ತು. ಆ ಗೈಡ್‌ಗಳ ಸೀಟುಗಳಲ್ಲಿ ಇರುವವರೆಲ್ಲ ನಮ್ಮ ಗುಂಪಿಗೆ ಸೇರಿದ್ದಾರೆ. ಜೊತೆಗೆ ಸೀಟಿಲ್ಲದ ದೀಪು. ಹಾಗಾಗಿ ವಿದ್ಯಾರ್ಥಿಗಳು ಸೀಟಿಗಿಂತ ಸರಿಯಾಗಿ ಒಬ್ಬರು ಜಾಸ್ತಿ. 1935ರಲ್ಲಿ ಇಂಗ್ಲೆಂಡಿನ ಫಿಲಿಪ್ ಹಾಲ್ ಹೇಳಿದ ಪ್ರಮೇಯದ ಸಾರ ಇದೇ. ಎಲ್ಲರಿಗೂ ಜೋಡಿ ಸಿಗುವುದಿಲ್ಲ ಅಂತಾದರೆ ಇಂಥ ಇಕ್ಕಟ್ಟಿನ ಗುಂಪೊಂದು ಎಲ್ಲೋ ಇದ್ದೇ ಇರುತ್ತದೆ. ಆ ಗುಂಪನ್ನು ಬೆರಳಿಟ್ಟು ತೋರಿಸುವುದು ನಮ್ಮ ಸೋತ ಹುಡುಕಾಟ.

ಆಗಲೇ ಹೇಳಿದ ಕಾಣದ ತಪ್ಪನ್ನು ಹಿಡಿಯುವುದೂ ಇದರಿಂದಲೇ. ಪ್ರೋಗ್ರಾಂ "ದೀಪುವಿಗೆ ಸಿಗಲ್ಲ" ಅಂದರೆ ಗುಂಪನ್ನೂ ಪ್ರಿಂಟ್ ಮಾಡಿಸಿ. ಗುಂಪಿನವರ ಫಾರಂನಲ್ಲಿ ಹೊರಗಿನ ಗೈಡ್ ಹೆಸರು ಒಂದಾದರೂ ಕಂಡರೆ, ಅಥವಾ ಜನ ಮತ್ತು ಸೀಟಿನ ಲೆಕ್ಕ ಒಂದರಷ್ಟು ತಪ್ಪದೇ ಇದ್ದರೆ, ಕೋಡ್‌ನಲ್ಲಿ ತಪ್ಪಿದೆ.

ಈ ಗುಂಪು ಇನ್ನೊಂದು ಕೆಲಸಕ್ಕೂ ಬರುತ್ತದೆ. ಯಾರನ್ನು ಕೇಳಿದರೆ ಪ್ರಯೋಜನ ಅಂತ ಹೇಳುತ್ತದೆ. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಈರಣ್ಣ ಪಾಪ, ಹೇಳಿದ ಮಾತು ಕೇಳುವ ಹುಡುಗ. ಅವನನ್ನು ಕರೆದು, "ಕಂಪೈಲರ್ ಸರ್ ಹತ್ತಿರ ಹೋಗ್ತೀಯೇನೋ?" ಅನ್ನುತ್ತೇವೆ. ಅವನು "ಆಯ್ತು ಸರ್" ಅಂತಾನೆ. ಪ್ರಯೋಜನವೇನು? ಇಮೇಜ್ ಸರ್ ಖಾಲಿಯಾದರು, ಆದರೆ ಆ ನಾಲ್ಕು ಜನರಲ್ಲಿ ಯಾರೂ ಇಮೇಜ್ ಬರೆದಿಲ್ಲ. ಈರಣ್ಣನ ಒಳ್ಳೆಯತನ ವ್ಯರ್ಥ. ಕೇಳಬೇಕಾದದ್ದು ಗುಂಪಿನೊಳಗಿನ ನಾಲ್ವರನ್ನು. ಅವರಲ್ಲಿ ಯಾರೇ ಒಬ್ಬರು ಕಂಪೈಲರ್‌ಗೆ ಒಪ್ಪಿದರೂ ಸಾಕು, ದೀಪುವೇ ಒಪ್ಪಬೇಕು ಅಂತೇನಿಲ್ಲ. ಸೀಟು ಹೆಚ್ಚಿಸುವುದಾದರೂ ಅಷ್ಟೇ. ಇಮೇಜ್ ಸರ್‌ಗೆ ಇನ್ನೊಂದು ಸೀಟು ಕೊಟ್ಟರೆ ಏನೂ ಆಗುವುದಿಲ್ಲ. ನೆಟ್‌ವರ್ಕ್ ಸರ್‌ಗೆ ಒಂದು ಕೊಡಿ: ಅನು ಅಲ್ಲಿಗೆ, ದೀಪು ಎಂಎಲ್‌ಗೆ. ದೀಪು ನೆಟ್‌ವರ್ಕ್ ಹೆಸರೇ ಬರೆಯದಿದ್ದರೂ ಅಲ್ಲಿನ ಸೀಟಿನಿಂದ ಅವನಿಗೆ ಲಾಭ.

ಇಲ್ಲಿಗೆ ನೆಟ್‌ವರ್ಕ್ ಫ್ಲೋ ಬರುತ್ತದೆ. ಅದನ್ನು ಬೇರೆ ಪಾಠ ಅಂದುಕೊಂಡಿರುತ್ತೀರಿ, ಸಿಲೆಬಸ್‌ನಲ್ಲಿ ಬೇರೆ ಮಾಡ್ಯೂಲ್ ಆಗಿರುತ್ತದಲ್ಲ. ಆದರೆ ಅದು ಇದೇ ಬೋರ್ಡು, ಎರಡು ಚುಕ್ಕಿ ಜಾಸ್ತಿ.

ಎಡ ತುದಿಯಲ್ಲಿ S ಅಂತ ಒಂದು ನೀರಿನ ಟ್ಯಾಂಕ್ ಇಡಿ. ಅಲ್ಲಿಂದ ಪ್ರತಿ ವಿದ್ಯಾರ್ಥಿಗೂ ಒಂದು ಪೈಪ್, ಒಂದು ಬಿಂದಿಗೆ ನೀರು ಮಾತ್ರ ಹೋಗುವಂಥದ್ದು. ವಿದ್ಯಾರ್ಥಿಯಿಂದ ಅವನು ಬರೆದ ಗೈಡ್‌ಗಳಿಗೆ ಒಂದೊಂದು ಪೈಪ್, ಅವೂ ಒಂದು ಬಿಂದಿಗೆಯವು. ಬಲ ತುದಿಯಲ್ಲಿ T ಅಂತ ಒಂದು ತೊಟ್ಟಿ. ಗೈಡಿನಿಂದ ತೊಟ್ಟಿಗೆ ಒಂದು ಪೈಪ್, ಅವರಿಗೆ ಎಷ್ಟು ಸೀಟಿದೆಯೋ ಅಷ್ಟು ಬಿಂದಿಗೆಯದ್ದು. ಮೂರು ಸೀಟಿದ್ದರೆ ಮೂರು. ಕುರ್ಚಿ ಒಡೆಯುವ ಗೋಜೇ ಇಲ್ಲ, ಒಂದು ಅಂಕಿ ಬದಲಾಯಿಸಿದರೆ ಆಯಿತು. S ಇಂದ T ಗೆ ಎಷ್ಟು ಬಿಂದಿಗೆ ಹರಿಸಬಹುದೋ ಅಷ್ಟು ಜನಕ್ಕೆ ಗೈಡ್.

ಹಾಗಾದರೆ "ಅಡ್ಜಸ್ಟ್ ಮಾಡ್ಕೊಳಿ" ಅನ್ನುವುದು ಈ ಪೈಪ್‌ಗಳಲ್ಲಿ ಎಲ್ಲಿದೆ? ಫೋರ್ಡ್ ಮತ್ತು ಫಲ್ಕರ್ಸನ್ 1956ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಈಗಾಗಲೇ ನೀರು ಹರಿಯುತ್ತಿರುವ ಪೈಪಿನಲ್ಲಿ ಅದನ್ನು ಹಿಂದಕ್ಕೆ ತಳ್ಳಲು ಅವಕಾಶವಿದೆ. ಹಿಂದಕ್ಕೆ ತಳ್ಳುವುದು ಅಂದರೆ ಆ ಹರಿವನ್ನು ರದ್ದು ಮಾಡುವುದು. ಮೊದಲ ಉದಾಹರಣೆಗೆ ಹೋಗಿ, ಬಸು ಕಂಪೈಲರ್‌ಗೆ ಒಪ್ಪಿದ್ದ ಸಂದರ್ಭ. ದೀಪುವಿನಿಂದ ಒಂದು ಬಿಂದಿಗೆ ಎಂಎಲ್‌ಗೆ ಬಂತು. ಎಂಎಲ್‌ನಿಂದ ತೊಟ್ಟಿಗೆ ಹೋಗುವ ಪೈಪ್ ಭರ್ತಿ. ಹಾಗಾಗಿ ಅನುವಿನಿಂದ ಬರುತ್ತಿದ್ದುದನ್ನು ಎಂಎಲ್ ಹಿಂದಕ್ಕೆ ತಳ್ಳಿತು. ಅನುವಿನ ಕೈಯಲ್ಲಿ ಒಂದು ಬಿಂದಿಗೆ ಉಳಿಯಿತು, ಅವಳು ಅದನ್ನು ನೆಟ್‌ವರ್ಕ್‌ಗೆ ಕಳಿಸಿದಳು. ಅಲ್ಲಿಯೂ ಭರ್ತಿ, ಬಸುವಿಗೆ ವಾಪಸ್. ಬಸುವಿನಿಂದ ಕಂಪೈಲರ್, ಅಲ್ಲಿಂದ ತೊಟ್ಟಿ. ದಾರಿಯನ್ನು ಬರೆದು ನೋಡಿ, ಅಕ್ಷರಕ್ಕೆ ಅಕ್ಷರ ಅದೇ. ಜೋಡಿ ಗೆರೆಯೇ ಹಿಂದಕ್ಕೆ ತಳ್ಳುವ ಪೈಪ್.

ಒಮ್ಮೆ ಒಬ್ಬ ವಿದ್ಯಾರ್ಥಿ ಫ್ಲೋ ಪ್ರೋಗ್ರಾಂ ಬರೆದು ನಮ್ಮ ಆ 62 ಜನರ ಡೇಟಾ ಕೊಟ್ಟ. ಉತ್ತರ 58 ಬಂತು. ನನ್ನ ಎಕ್ಸೆಲ್ ಸಂಖ್ಯೆಯೇ! ನನಗೆ ನೋಡಿದ ಕೂಡಲೇ ಅನುಮಾನ. ತೆರೆದು ನೋಡಿದರೆ ಹಿಂದಕ್ಕೆ ತಳ್ಳುವ ಸಾಲನ್ನೇ ಅವನು ಬರೆದಿರಲಿಲ್ಲ. ಅದಿಲ್ಲದಿದ್ದರೆ ಫೋರ್ಡ್ ಫಲ್ಕರ್ಸನ್ ಅಂದರೆ ಮೊದಲು ಬಂದವರಿಗೆ ಮೊದಲು, ಅಷ್ಟೇ.

ಅಂದಹಾಗೆ ಫೋರ್ಡ್, ಫಲ್ಕರ್ಸನ್ ಇಬ್ಬರೂ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿದ್ದವರು. ಅವರ ಎದುರಿಗಿದ್ದ ಲೆಕ್ಕ ರೈಲಿನದು, ಸೋವಿಯತ್ ಒಕ್ಕೂಟದ ಕಡೆಯಿಂದ ಪೂರ್ವ ಯೂರೋಪಿಗೆ ರೈಲು ಜಾಲದ ಮೂಲಕ ಎಷ್ಟು ಸರಕು ಸಾಗಿಸಬಹುದು ಅಂತ. ಅದೇ ಜಾಲವನ್ನು ಅಧ್ಯಯನ ಮಾಡಿದ್ದ ಹ್ಯಾರಿಸ್ ಮತ್ತು ರಾಸ್ ಅವರ 1955ರ ವರದಿಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಆ ಸಾಗಾಟವನ್ನು ಪೂರ್ತಿ ನಿಲ್ಲಿಸಬೇಕಾದರೆ ಕನಿಷ್ಠ ಎಲ್ಲೆಲ್ಲಿ ಕಡಿಯಬೇಕು? ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಸಂಖ್ಯೆ. ಅತಿ ಹೆಚ್ಚು ಹರಿವು ಎಷ್ಟೋ ಅತಿ ಕಡಿಮೆ ಕಡಿತವೂ ಅಷ್ಟೇ.

ನಮ್ಮ ದೀಪು ಸೋತ ಉದಾಹರಣೆಯಲ್ಲಿ ಆ ಕಡಿತ ಎಲ್ಲಿದೆ ನೋಡಿ. ಹುಡುಕಾಟ ಕಾಲಿಟ್ಟವರನ್ನೆಲ್ಲ S ಜೊತೆ ಒಂದು ಗೋಡೆಯ ಈ ಕಡೆ ಇಡಿ: ದೀಪು, ಚೈತ್ರ, ಅನು, ಬಸು, ಡೇಟಾಬೇಸ್, ಎಂಎಲ್, ನೆಟ್‌ವರ್ಕ್. ಆ ಕಡೆ ಈರಣ್ಣ, ಇಮೇಜ್, ಕಂಪೈಲರ್, T. ಈ ಕಡೆಯಿಂದ ಆ ಕಡೆಗೆ ಗೋಡೆ ದಾಟುವ ಪೈಪ್‌ಗಳು ಯಾವುವು? S ಇಂದ ಈರಣ್ಣನಿಗೆ ಒಂದು, ಮೂರು ಗೈಡ್‌ಗಳಿಂದ ತೊಟ್ಟಿಗೆ ಮೂರು. ಒಟ್ಟು ನಾಲ್ಕು. ಹರಿಯುತ್ತಿರುವುದೂ ನಾಲ್ಕು ಬಿಂದಿಗೆ. ಈರಣ್ಣನಿಂದ ಎಂಎಲ್‌ಗೆ ಬರುವ ಪೈಪ್ ಕೂಡ ಗೋಡೆ ದಾಟುತ್ತದೆ, ಆದರೆ ಆ ಕಡೆಯಿಂದ ಈ ಕಡೆಗೆ. ಅದನ್ನು ಎಣಿಸಬಾರದು. ಪರೀಕ್ಷೆಯಲ್ಲಿ ಹುಡುಗರು ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲೇ. ನಾಲ್ಕು ಜನ, ಮೂರು ಕುರ್ಚಿ ಅಂತ ನಾವು ಕಂಡದ್ದನ್ನೇ ಫ್ಲೋ ಭಾಷೆಯಲ್ಲಿ ಮಿನಿಮಂ ಕಟ್ ಅನ್ನುತ್ತಾರೆ.

ಒಂದು ಸಂಶಯ ಬರಬೇಕು. ನೀರು ಅರ್ಧ ಬಿಂದಿಗೆಯೂ ಹರಿಯುತ್ತದೆ. ಅನುವಿನಿಂದ ಅರ್ಧ ಎಂಎಲ್‌ಗೆ, ಅರ್ಧ ನೆಟ್‌ವರ್ಕ್‌ಗೆ ಅಂತ ಉತ್ತರ ಬಂದರೆ? ಅರ್ಧ ವಿದ್ಯಾರ್ಥಿನಿಯನ್ನು ಗೈಡ್ ಹತ್ತಿರ ಕಳಿಸೋಕಾಗಲ್ಲ. ಆದರೆ ಸೊನ್ನೆಯಿಂದ ಶುರು ಮಾಡಿ, ಪೈಪ್‌ಗಳ ಅಳತೆಯೆಲ್ಲ ಪೂರ್ಣ ಸಂಖ್ಯೆಯಾಗಿದ್ದರೆ, ಪ್ರತಿ ದಾರಿಯೂ ಪೂರ್ತಿ ಒಂದು ಬಿಂದಿಗೆಯನ್ನೇ ಸೇರಿಸುತ್ತದೆ ಅಥವಾ ರದ್ದು ಮಾಡುತ್ತದೆ. ಅರ್ಧ ಹುಟ್ಟುವ ಜಾಗವೇ ಇಲ್ಲ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಮೇಡಂ ಕೇಳಿದರು: "ಬಸುವಿಗೆ ಮೊದಲ ಆಯ್ಕೆ ಸಿಕ್ಕಿತ್ತು, ನೀವು ಎರಡನೆಯದಕ್ಕೆ ತಳ್ಳಿದಿರಿ. ಇದು ನ್ಯಾಯವಾ?" ನಿಜ, ಈ ವಿಧಾನ ಎಣಿಸುವುದು ತಲೆಯನ್ನು ಮಾತ್ರ, ಮೊದಲ ಆಯ್ಕೆ ಎರಡನೆಯ ಆಯ್ಕೆ ಅನ್ನುವ ಭೇದ ಅದಕ್ಕಿಲ್ಲ. ಭೇದ ಬೇಕಿದ್ದರೆ ಅದೇ ಪೈಪ್‌ಗಳಿಗೆ ಬೆಲೆ ಕಟ್ಟಿ, ಮೊದಲ ಆಯ್ಕೆಗೆ 0, ಎರಡನೆಯದಕ್ಕೆ 1, ಮೂರನೆಯದಕ್ಕೆ 2 ಅಂತ. ಆಮೇಲೆ ಅತಿ ಹೆಚ್ಚು ಹರಿವುಗಳಲ್ಲಿ ಅತಿ ಅಗ್ಗದ್ದನ್ನು ಹುಡುಕಿ. ತಲೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಎರಡನೇ ಮೂರನೇ ಆಯ್ಕೆಗೆ ಹೋಗುವವರು ಕಡಿಮೆಯಾಗುತ್ತಾರೆ. ಗೈಡ್‌ಗಳೂ "ನನಗೆ ಈ ಹುಡುಗಿ ಬೇಕು, ಆ ಹುಡುಗ ಆಮೇಲೆ" ಅಂತ ಪಟ್ಟಿ ಕೊಟ್ಟರೆ ಅದು ಬೇರೆಯೇ ಲೆಕ್ಕ. 1962ರಲ್ಲಿ ಗೇಲ್ ಮತ್ತು ಶ್ಯಾಪ್ಲಿ ಬಿಡಿಸಿದ ಸ್ಥಿರ ಜೋಡಿಯ ಸಮಸ್ಯೆ ಅದು, ಅದಕ್ಕೆ ಈ ದಾರಿಗಳು ಸಾಲುವುದಿಲ್ಲ.

ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಸರ್, ಗೈಡ್ ಜೊತೆಗೆ ಲ್ಯಾಬ್ ಸ್ಲಾಟ್ ಕೂಡ ಒಟ್ಟಿಗೇ ಹಂಚಬಹುದಾ?" ಒಳ್ಳೆಯ ಪ್ರಶ್ನೆ. ಉತ್ತರ ಬೇಜಾರಿನದು. ವಿದ್ಯಾರ್ಥಿ, ಗೈಡ್, ಸ್ಲಾಟ್ ಅಂತ ಮೂರರ ಗುಂಪುಗಳಲ್ಲಿ ಆರಿಸಬೇಕು ಅಂದ ಕೂಡಲೇ ಇಡೀ ಯಂತ್ರ ನಿಂತುಹೋಗುತ್ತದೆ. ಸರಪಳಿ ಮತ್ತು ಬಳೆಯ ವಾದ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಒಬ್ಬರನ್ನು ಸರಿಸಿದರೆ ಇಬ್ಬರು ಕೆಡುತ್ತಾರೆ, ದಾರಿ ಕವಲೊಡೆಯುತ್ತದೆ. 1972ರಲ್ಲಿ ಕಾರ್ಪ್ ಕೊಟ್ಟ 21 ಕಷ್ಟದ ಸಮಸ್ಯೆಗಳ ಪಟ್ಟಿಯಲ್ಲಿ ಅದೂ ಒಂದು. ಮೊದಲು ಗೈಡ್ ಹಂಚಿ, ಆಮೇಲೆ ಸ್ಲಾಟ್ ಹಂಚಿ ಅನ್ನುವುದೇ ನಾನು ಮಾಡುವುದು. ಅದು ಅತ್ಯುತ್ತಮ ಅಂತ ಹೇಳಲಾರೆ.

ಅವತ್ತಿನ ನನ್ನ ನಾಲ್ಕು ಜನ ಏನಾದರು ಅಂತ ಹೇಳಲಿಲ್ಲ ಅಲ್ವಾ. ಪ್ರೋಗ್ರಾಂ ಓಡಿಸಿದಾಗ ಮೂವರಿಗೆ ದಾರಿ ಸಿಕ್ಕಿತು. ಅತಿ ಉದ್ದದ ದಾರಿಯಲ್ಲಿ ನಾಲ್ಕು ಜನ ಸರಿಯಬೇಕಾಯಿತು. ಒಬ್ಬನಿಗೆ ಮಾತ್ರ ಸಿಗಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಕೇಳಿದ ಹುಡುಗನೇ ಅವನು. ಗುಂಪನ್ನು ಪ್ರಿಂಟ್ ಮಾಡಿದೆ: 16 ವಿದ್ಯಾರ್ಥಿಗಳು, ಐದು ಗೈಡ್‌ಗಳು, 15 ಸೀಟು. ಐದೂ ಜನ ಎಂಎಲ್ ಪ್ರಾಜೆಕ್ಟ್ ಮಾಡಿಸುವವರೇ. ಆ 16 ಫಾರಂಗಳನ್ನು ಅವನ ಮುಂದೆ ಹರಡಿದೆ. ಎರಡು ನಿಮಿಷ ನೋಡಿ, "ಹೌದು ಸರ್" ಅಂದ.

ಮರುದಿನ ಆ 16 ಜನರನ್ನು ಮಾತ್ರ ಒಂದು ಕ್ಲಾಸ್‌ರೂಮಿಗೆ ಕರೆದು, ಖಾಲಿ ಸೀಟಿದ್ದ ಗೈಡ್‌ಗಳ ಹೆಸರು ಬೋರ್ಡ್ ಮೇಲೆ ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಕಂಪೈಲರ್ ಸರ್ ಹತ್ತಿರ ಏನು ಪ್ರಾಜೆಕ್ಟ್ ಇರುತ್ತೆ ಅಂತ ಗೊತ್ತಿಲ್ಲದೇ ಬರೆದಿರಲಿಲ್ಲವಂತೆ. ಅವಳ ಫಾರಂಗೆ ಒಂದು ಹೆಸರು ಸೇರಿಸಿ ಮತ್ತೆ ಓಡಿಸಿದೆ. ಅವಳು ಅಲ್ಲಿಗೆ, ಅವಳ ಜಾಗಕ್ಕೆ ಇನ್ನೊಬ್ಬ, ಆ ಇನ್ನೊಬ್ಬನ ಜಾಗಕ್ಕೆ ನಮ್ಮ ಹುಡುಗ. ಮಿಕ್ಕ ಒಂದು ಸೀಟು ಆ ವರ್ಷ ಖಾಲಿಯೇ ಇತ್ತು.